ಬಾಗಿದ ಗೆರೆಯ ಕೆಳಗಿನ ಒಂಬತ್ತು

ಯಸಳೂರಿನಿಂದ ಬಸ್ಸಿನಲ್ಲಿ ಸಕಲೇಶಪುರದ ಕಾಲೇಜಿಗೆ ಬರುತ್ತಿದ್ದ ಬಿಂದುಶ್ರೀ ಗಣಿತ ಸಂಘದ ಸಭೆಯಲ್ಲಿ ಎಂದೂ ಬಾಯಿ ಬಿಟ್ಟವಳಲ್ಲ. 1999ರಲ್ಲಿ ಅವಳು ಬಿಎಸ್ಸಿ ಕೊನೆಯ ವರ್ಷದಲ್ಲಿದ್ದಳು. ಆಗ ಒಂದು ಸಭೆಯಲ್ಲಿ, ಸಂಘ ನಡೆಸಬೇಕೆಂದಿದ್ದ ಇಂಟಿಗ್ರೇಷನ್ ಪಾಠವೇ ಬೇಡವೆಂದು ಕಿರಿಯರೆಲ್ಲ ಹಟ ಹಿಡಿದರು. ಯಾರೂ ಕರೆಯದಿದ್ದರೂ ಅವಳೇ ಎದ್ದು ಬೋರ್ಡಿನ ಬಳಿ ಹೋದಳು.

y = x² ರೇಖೆ ಎಳೆದು, ಸೊನ್ನೆಯಿಂದ ಮೂರರವರೆಗೆ ಅದರ ಕೆಳಗಿನ ಜಾಗಕ್ಕೆ ಸೀಮೆಸುಣ್ಣ ಬಳಿದಳು. "ಇದರ ವಿಸ್ತೀರ್ಣ ಎಷ್ಟು? ಗ್ರಾಫ್ ಹಾಳೇಲಿ ಚೌಕ ಎಣಿಸಿ ಹೇಳ್ರೋ."

ಒಬ್ಬರಿಗೆ ಎಂಟೂವರೆ, ಇನ್ನೊಬ್ಬರಿಗೆ ಒಂಬತ್ತೂಕಾಲು ಬಂತು.

"ಗೆರೆ ಬಾಗೈತೆ, ಅದಕ್ಕೇ ಚೌಕ ತುಂಡಾಗ್ತವೆ. ಜಾಗಾನ ಸಣ್ಣ ಸಣ್ಣ ಪಟ್ಟಿ ಮಾಡಿ ಕೂಡಿಸಿ. ಪಟ್ಟಿ ಸಣ್ಣ ಆದಷ್ಟೂ ತಪ್ಪು ಕಮ್ಮಿ. ಆ ಮೊತ್ತ ಕೊನೆಗೆ ಯಾವ ಬೆಲೆಗೆ ಹತ್ರ ಆಗ್ತಾ ಹೋಯ್ತದೋ, ಅದೇ ಇಂಟಿಗ್ರೇಷನ್. ಅದಕ್ಕೆ ಸೂತ್ರ ಐತೆ, ಪಟ್ಟಿ ಕೂಡಿಸ್ತಾ ಕೂರಬೇಕಿಲ್ಲ: ಇಲ್ಲಿ x ಘನಾನ ಮೂರರಿಂದ ಭಾಗಿಸಿ, x ಜಾಗಕ್ಕೆ ಮೂರು ಹಾಕಿ. ಸರಿಯಾಗಿ ಒಂಬತ್ತು! ಕಲಿಯೋದು ಕಷ್ಟ ಐತೆ, ಸುಳ್ಳು ಹೇಳಲ್ಲ. ಆದ್ರೆ ಅಂದಾಜಲ್ಲಿ ತಡಕಾಡೋದು ತಪ್ಪೋಯ್ತದೆ ಕಣ್ರೋ."

"ಆರರವರೆಗೆ ಆದ್ರೆ ಅಕ್ಕಾ?" ಎಂದು ಕೇಳಿದ ಮೊದಲ ವರ್ಷದ ಕೃತಿಕಾ, ತಾನೇ ಲೆಕ್ಕ ಹಾಕಿ, "ಎಪ್ಪತ್ತೆರಡು!" ಎಂದು ಕೂಗಿಬಿಟ್ಟಳು. ಕೊಠಡಿಯಲ್ಲಿ ಚಪ್ಪಾಳೆ ಎದ್ದಿತು. ಮರುವಾರ ಬಿಂದುಶ್ರೀಯೇ ಪಾಠ ಶುರುಮಾಡಿದಾಗ ಕೂರಲು ಬೆಂಚು ಸಾಲಲಿಲ್ಲ.