ಮರದ ತೂಕದ ಸಿದ್ಧಾಂತ

ಕೋಲಾರದ ಹೈಸ್ಕೂಲಿಗೆ ಸೇರಿದ ಮೊದಲ ವರ್ಷವೇ ನನಗೆ ಮೈಮೇಲೆ ಅಮ್ಮ ಎದ್ದಿತು. ಊರಿಂದ ಬಂದ ಅಪ್ಪ ತಾಯಲೂರಿನ ನಮ್ಮ ಮನೆಗೆ ಕರೆದುಕೊಂಡು ಹೋಗಿ ಬೇವಿನ ಸೊಪ್ಪಿನ ಮೇಲೆ ಮಲಗಿಸಿದರು. ಗುಣವಾಗಿ ಕೋಲಾರದ ಅಕ್ಕನ ಮನೆಗೆ ಮರಳುವ ಹೊತ್ತಿಗೆ ವಿಜ್ಞಾನದ ಮೇಷ್ಟ್ರು ದ್ರವಗಳ ಪಾಠವನ್ನೆಲ್ಲ ಮುಗಿಸಿದ್ದರು. ಇನ್ನು ಕೆಲವೇ ದಿನಗಳಲ್ಲಿ ಪರೀಕ್ಷೆ.

ಪಕ್ಕದಲ್ಲಿ ಕೂರುತ್ತಿದ್ದ ಗೆಳೆಯ ತನ್ನ ನೋಟ್ಸು ಕೊಟ್ಟ. ಪೇಟೆಯಲ್ಲಿ ಅವನ ಅಬ್ಬಾಗೆ ದಿನಸಿ ಅಂಗಡಿ ಇತ್ತು. ಮನೆಯಲ್ಲಿ ದಖನಿ ಉರ್ದು, ಬೀದಿಯಲ್ಲಿ ತೆಲುಗು, ನಮ್ಮ ಜೊತೆ ಕನ್ನಡ. ಮೂರನ್ನೂ ಗಡಿಬಿಡಿಯಲ್ಲೇ ಆಡುತ್ತಿದ್ದವನು ಇಂಗ್ಲಿಷ್ ನೋಟ್ಸನ್ನೂ ಅದೇ ಗಡಿಬಿಡಿಯಲ್ಲಿ ಬರೆದಿದ್ದ. ಉದ್ದನೆಯ ಪದಗಳಿಗೆಲ್ಲ ಒಂದೆರಡು ಅಕ್ಷರ ಹಾಕಿ ಕೈತೊಳೆದುಕೊಂಡಿದ್ದ. ನಾನು ಅದನ್ನು ಮುತ್ತು ಪೋಣಿಸಿದ ಹಾಗೆ ನಕಲು ಮಾಡಿ, ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಎರಡೇ ದಿನದಲ್ಲಿ ಬಾಯಿಪಾಠ ಮಾಡಿದೆ.

ಅಕ್ಕ ಹಿತ್ತಲಲ್ಲಿ ಹುಣಸೆ ಹಣ್ಣಿನ ಬೀಜ ಬಿಡಿಸುತ್ತಿದ್ದಳು. "ಅದೇನ್ಲಾ ಅಷ್ಟು ಜೋರಾಗಿ ಮಂತ್ರ ಹೇಳ್ತಿದ್ದೀಯ? ನಂಗೂ ಹೇಳು, ಕನ್ನಡದಾಗೆ."

ಅವಳಿಗೆ ಇಂಗ್ಲಿಷ್ ಬಾರದು. ನಾನು ಗತ್ತಿನಿಂದ ಹೇಳಿದೆ: "ನೀರಿನಲ್ಲಿ ಮುಳುಗಿದ ವಸ್ತು ಮರದ ತೂಕದಷ್ಟು ತೂಕ ಕಳೆದುಕೊಳ್ಳುತ್ತದೆ."

"ಯಾವ ಮರ?"

ನಾನು ನೋಟ್ಸು ನೋಡಿದೆ. ಯಾವ ಮರವೆಂದು ಬರೆದಿರಲಿಲ್ಲ.

"ಹುಣಸೆ ಮರಾನೋ ಹೊಂಗೆ ಮರಾನೋ ಕೇಳ್ಕೊಂಡು ಬಾ ಹೋಗು," ಎಂದು ನಕ್ಕಳು ಅಕ್ಕ. "ಪರೀಕ್ಷೇಲಿ ಕೇಳಿಬಿಟ್ರೆ ಕಷ್ಟ ಕಣೋ."

ಸಿಟ್ಟು ಬಂತು. ಅವಳು ನಕ್ಕಿದ್ದಕ್ಕಿಂತ, ಅಷ್ಟು ಸಣ್ಣ ಪ್ರಶ್ನೆ ನನಗೇ ಹುಟ್ಟಲಿಲ್ಲವಲ್ಲ ಎಂದು. ನೋಟ್ಸು ಮುಚ್ಚಿಟ್ಟು, ಒಂದು ಹಾಳೆಯಲ್ಲಿ ನನಗೆ ತಿಳಿದದ್ದನ್ನು ಕನ್ನಡದಲ್ಲಿ ಬರೆಯತೊಡಗಿದೆ. ನಾಲ್ಕು ಸಾಲು ಆಗುವಷ್ಟರಲ್ಲಿ ತಿಳಿದದ್ದು ಮುಗಿಯಿತು. ಮಿಕ್ಕ ಕಡೆಯೆಲ್ಲ ಪ್ರಶ್ನೆಯ ಗುರುತು ಹಾಕಿದೆ. ಆ ಹಾಳೆ ಹಿಡಿದು ಅಂಗಡಿಗೆ ಹೋದೆ.

ಗೆಳೆಯ ನೋಡಿ ಬಿದ್ದು ಬಿದ್ದು ನಕ್ಕ. "ಲೇ, ನಾನು ಬರ್ದಿರೋ ಡಬ್ಲ್ಯು ಡಿ ಅಂದ್ರೆ ವುಡ್ ಅಲ್ಲ ಕಣೋ! ವಾಟರ್ ಡಿಸ್‌ಪ್ಲೇಸ್ಡ್!"

"ಹಂಗಂದ್ರೆ?"

ಅವನ ನಗು ನಿಂತಿತು. "ಮೇಷ್ಟ್ರು ಹೇಳಿದ್ರು, ನಾನು ಬರ್ಕೊಂಡೆ. ಅರ್ಥಾನೂ ಬರ್ಕೋಬೇಕಾ?"

ಇಬ್ಬರೂ ಪಠ್ಯಪುಸ್ತಕ ತೆಗೆದೆವು. ವಸ್ತು ಮುಳುಗಿದಾಗ ತನ್ನ ಜಾಗಕ್ಕಾಗಿ ಪಕ್ಕಕ್ಕೆ ತಳ್ಳುವ ನೀರು, ಆ ನೀರಿನ ತೂಕ. ಓದಿದಾಗ ಸರಿ ಎನಿಸಿತು. ನಂಬಿಕೆ ಮಾತ್ರ ಬರಲಿಲ್ಲ. ಎದುರಿಗೇ ಕೈತಕ್ಕಡಿ ನೇತಾಡುತ್ತಿತ್ತು. ಅಬ್ಬಾ ಊಟಕ್ಕೆ ಒಳಗೆ ಹೋಗಿದ್ದರು.

ತಕ್ಕಡಿಯ ಒಂದು ತಟ್ಟೆಯಲ್ಲಿ ಖಾಲಿ ಬಟ್ಟಲಿಟ್ಟು, ಅದೇ ತಟ್ಟೆಯ ಕೆಳಗೆ ಒಂದು ಸೇರಿನ ಕಬ್ಬಿಣದ ತೂಕದ ಕಲ್ಲನ್ನು ದಾರದಲ್ಲಿ ಕಟ್ಟಿದೆವು. ಇನ್ನೊಂದು ತಟ್ಟೆಗೆ ಮರಳು ಹಾಕಿ ಸಮ ಮಾಡಿದೆವು. ಕೆಳಗೆ ಅಗಲವಾದ ಪರಾತದೊಳಗೆ ನೀರು ತುಂಬಿ ತುಳುಕುವ ಚೊಂಬು. ಗೆಳೆಯ ತಕ್ಕಡಿಯನ್ನು ಮೆಲ್ಲಗೆ ಇಳಿಸಿದ. ಕಲ್ಲು ಮುಳುಗಿತು, ನೀರು ಪರಾತಕ್ಕೆ ಚೆಲ್ಲಿತು, ಕಲ್ಲಿನ ಕಡೆಯ ತಟ್ಟೆ ಮೇಲೆದ್ದಿತು.

ಅಷ್ಟರಲ್ಲಿ ಅಬ್ಬಾ ಬಂದರು. "ಅರೆ! ನನ್ ತೂಕದ ಕಲ್ಲಿಗೇ ತೂಕ ಕಮ್ಮಿ ಮಾಡ್ತೀರಾ? ಗಿರಾಕಿ ನೋಡಿದ್ರೆ ನನ್ ಮರ್ಯಾದೆ ಏನಾಗ್ಬೇಕು?"

"ಒಂದ್ನಿಮಿಷ ಅಬ್ಬಾ, ಕೈ ಅಲ್ಲಾಡತ್ತೆ!" ಎಂದ ಮಗ.

ನಾನು ಪರಾತದಲ್ಲಿ ಚೆಲ್ಲಿದ್ದ ನೀರನ್ನು ಮೊಗೆದು ಮೇಲಿನ ಬಟ್ಟಲಿಗೆ ಸುರಿದೆ. ಮೇಲೆದ್ದಿದ್ದ ತಟ್ಟೆ ನಿಧಾನವಾಗಿ ಇಳಿದು, ತೂಗಾಡಿ, ಹೆಚ್ಚುಕಡಿಮೆ ಸಮವಾಗಿ ನಿಂತಿತು. ಬೈಯಲು ಬಂದ ಅಬ್ಬಾ ಬಗ್ಗಿ ನೋಡಿದರು. "ಇನ್ನೊಂದ್ಸಲ ಮಾಡ್ರೋ," ಎಂದು ಅಂಗಡಿಯ ಬಾಗಿಲನ್ನು ಅರ್ಧ ಎಳೆದರು, ಗಿರಾಕಿಗಳಿಗೆ ಕಾಣದಿರಲಿ ಎಂದು.

ಅಂದು ಸಂಜೆ ಪ್ರಶ್ನೆಯ ಗುರುತುಗಳ ಜಾಗಕ್ಕೆ ನನ್ನದೇ ಮಾತು ಬರೆದೆ, ತಕ್ಕಡಿಯ ಚಿತ್ರವನ್ನೂ ಹಾಕಿದೆ. ಕೆಂಪು ಗೆರೆಯ ಅಂದದ ನಕಲಿನ ಮುಂದೆ ಅದು ಕಾಗೆ ಕಾಲಿನ ಹಾಗಿತ್ತು.

ಮರುವಾರ, ಪರೀಕ್ಷೆಗೆ ಮುಂಚೆ ಪಾಠ ತಿರುವಿಹಾಕುತ್ತ, ಮೇಷ್ಟ್ರು ಇಡೀ ತರಗತಿಗೆ ಕೇಳಿದರು: "ಮುಳುಗಿದ ಕಲ್ಲನ್ನು ಬಾವಿಯಲ್ಲಿ ಇನ್ನೂ ಆಳಕ್ಕೆ ಬಿಟ್ಟರೆ ಇನ್ನೂ ಹಗುರವಾಗುತ್ತದೆಯೇ?" ಯಾರ ನೋಟ್ಸಿನಲ್ಲೂ ಇದು ಇರಲಿಲ್ಲ. ಅಂಗಡಿಯಲ್ಲಿ ಕಲ್ಲು ಪೂರ್ತಿ ಮುಳುಗಿದ ಮೇಲೆ ಇನ್ನೂ ಕೆಳಗಿಳಿಸಿದರೂ ಚೊಂಬಿನಿಂದ ಒಂದು ಹನಿಯೂ ಚೆಲ್ಲದೆ ಹೋದದ್ದು ನನಗೆ ನೆನಪಾಯಿತು.

"ಇಲ್ಲ ಸಾರ್. ಆಮೇಲೆ ತಳ್ಳೋ ನೀರು ಅಷ್ಟೇ ಇರುತ್ತೆ."

"ಯಾವ ಪುಸ್ತಕದಲ್ಲಿ ಓದಿದೆ?"

ಪಕ್ಕದಿಂದ ಗೆಳೆಯ ಎದ್ದ. "ನಮ್ಮ ಅಂಗಡೀಲಿ ಸಾರ್."

ತರಗತಿ ನಕ್ಕಿತು, ಮೇಷ್ಟ್ರೂ ನಕ್ಕರು. ಗಂಟೆ ಹೊಡೆದ ಮೇಲೆ ಗೆಳೆಯ ನನ್ನ ಹಾಳೆಯನ್ನು ಎರವಲು ಕೇಳಿದ. ಕೊಟ್ಟೆ. ಮರುದಿನ ಹಿಂತಿರುಗಿಸುವಾಗ ಅದರ ಅಂಚಿನಲ್ಲಿ ಅವನದೇ ಎರಡು ಪ್ರಶ್ನೆಗಳಿದ್ದವು, ಪೂರ್ತಿ ಪದಗಳಲ್ಲಿ. ಒಂದಕ್ಕೆ ನನಗೂ ಉತ್ತರ ಗೊತ್ತಿರಲಿಲ್ಲ.