ಅಕ್ಕನ ಬಸ್ಸನ್ನು ನುಂಗಿದ ಆಂಟಿವೈರಸ್

ಕಂಪ್ಯೂಟರ್ ರಿಪೇರಿಯವನು ಬಾಯಿ ತುಂಬ ಗುಟ್ಕಾ ಇಟ್ಟುಕೊಂಡೇ ನಮ್ಮ ಮೌಸ್ ಹಿಡಿದಿದ್ದ. ಅವನು ಹೋದ ಮೇಲೆ ಅದನ್ನು ಸ್ಪಿರಿಟ್ ಹಾಕಿ ಒರೆಸಿದೆ. ಮತ್ತೆ ಒರೆಸಿದೆ. ವಾಸನೆ ಹೋಯಿತು. ಒಳಗೆ ಅವನು ಹಾಕಿಟ್ಟು ಹೋದದ್ದು ಮಾತ್ರ ಹೋಗಲಿಲ್ಲ.

ಕರೆಸಿದ್ದು ಇಂಟರ್ನೆಟ್ ಸ್ಲೋ ಆಗಿದೆ ಎಂದು. ಅದನ್ನು ಸರಿಮಾಡಿ, ನಮ್ಮನ್ನು ಒಂದು ಮಾತೂ ಕೇಳದೆ ಹೊಸ ಆಂಟಿವೈರಸ್ ಕೂಡ ಹಾಕಿದ. "ಸೈಲೆಂಟ್ ಮೋಡಲ್ಲಿ ಇಟ್ಟಿದ್ದೀನಿ ಅಜ್ಜಿ. ಅದರ ಪಾಡಿಗೆ ಅದು ಕೆಲ್ಸ ಮಾಡ್ತದೆ, ನಿಮಗೆ ಡಿಸ್ಟರ್ಬ್ ಇಲ್ಲ" ಎಂದು ದೊಡ್ಡ ಉಪಕಾರ ಮಾಡಿದವನ ಹಾಗೆ ನಕ್ಕ. ಆ ಹಲ್ಲು ನೋಡಿ ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಸಾಗರದ ಈ ಮನೆಯಲ್ಲಿ ಇರುವುದು ನಾನು ಮತ್ತು ನನ್ನ ಅಕ್ಕ. ಅವಳು ಹೊಸನಗರದ ಹೈಸ್ಕೂಲಿನಲ್ಲಿ ಟೀಚರ್ ಆಗಿದ್ದವಳು. ನಿವೃತ್ತಿಯವರೆಗೂ ದಿನಾ ಇಲ್ಲಿಂದ ಪ್ರೈವೇಟ್ ಬಸ್ಸಿನಲ್ಲಿ ಹೋಗಿ ಬಂದಳು. ಕಳೆದ ಮಳೆಗಾಲ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಆಪರೇಷನ್ ಆಯಿತು. ಆಪರೇಷನ್ ಚೆನ್ನಾಗಿಯೇ ಆಗಿತ್ತು, ಅಕ್ಕ ಮಾತ್ರ ಹಾಸಿಗೆ ಬಿಡಲೊಲ್ಲಳು. "ಕೂರಿಸಿ, ನಿಲ್ಲಿಸಿ. ಈಗ ಏಳಲಿಲ್ಲ ಅಂದ್ರೆ ಆಮೇಲೆ ಏಳಿಸೋಕೆ ಆಗಲ್ಲ" ಎಂದು ಫಿಸಿಯೋಥೆರಪಿಯ ಹುಡುಗಿ ನನಗೆ ಬಾಗಿಲ ಹೊರಗೆ ಹೇಳಿ ಹೋಗಿದ್ದಳು.

ಅವಳನ್ನು ಕುರ್ಚಿಗೆ ತಂದದ್ದು ಒಂದು ಗೇಮ್. ಅಕ್ಕನ ಮಗಳು ತೀರ್ಥಹಳ್ಳಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತಾಳೆ. ನಲವತ್ತು ದಾಟಿದರೂ ಬಸ್ ಓಡಿಸುವ ಗೇಮಿನ ಹುಚ್ಚು ಬಿಟ್ಟಿಲ್ಲ. ಯಾರೋ ಮಾಡಿದ ಗೇಮಿಗೆ ನಾವೇ ಹೊಲಿದು ಸೇರಿಸುವ ತೇಪೆಗೆ ಮಾಡ್ ಎನ್ನುತ್ತಾರಂತೆ. ಅವಳು ಸಾಗರದಿಂದ ಹೊಸನಗರಕ್ಕೆ, ಅಲ್ಲಿಂದ ತೀರ್ಥಹಳ್ಳಿಗೆ ಹೋಗುವ ರಸ್ತೆಯನ್ನೇ ಹಾಗೆ ಹೊಲಿದಿದ್ದಳು. ತನ್ನಮ್ಮ ಸ್ಕೂಲಿಗೆ ಹೋಗುತ್ತಿದ್ದ ಹಳೆಯ ಬಸ್ಸು, ಅದೇ ಬಣ್ಣ, ಮುಂದಿನ ಗಾಜಿಗೆ ಪ್ಲಾಸ್ಟಿಕ್ ಹೂವಿನ ಹಾರ. ಡ್ರೈವರ್ ನಾನು. ಕಾನ್ವೆಂಟಿನಲ್ಲಿ ಟೈಪಿಂಗ್ ಕಲಿತ ಬೆರಳುಗಳು ಕೊನೆಗೆ ಬಸ್ ಓಡಿಸುವ ಕೆಲಸಕ್ಕೆ ಬಂದವು. ಅಕ್ಕ ಪಕ್ಕದ ಕುರ್ಚಿಯಲ್ಲಿ ನೆಟ್ಟಗೆ ಕೂತು, "ಹಾರ್ನ್ ಹಾಕೇ, ದನ ಇರ್ತಾವೆ ಅಲ್ಲಿ" ಎನ್ನುತ್ತಿದ್ದಳು.

ರಿಪೇರಿಯವನು ಬಂದುಹೋದ ಮರುದಿನ ಅಕ್ಕನನ್ನು ಕೂರಿಸಿ ಗೇಮಿನ ಐಕಾನ್ ಒತ್ತಿದೆ. ಬಾಣದ ಪಕ್ಕ ನೀಲಿ ಉಂಗುರ ಒಂದು ಕ್ಷಣ ತಿರುಗಿತು, ನಿಂತಿತು. ಮತ್ತೆ ಒತ್ತಿದೆ. ಮತ್ತೆ ಉಂಗುರ, ಮತ್ತೆ ಏನೂ ಇಲ್ಲ. ಎರರ್ ಇಲ್ಲ, ಸಾರಿ ಇಲ್ಲ. ಜಗಳವಾಡುವವರನ್ನು ಸಹಿಸುತ್ತೇನೆ, ಕರೆದರೆ ಓಗೊಡದೆ ಗೋಡೆಯ ಹಾಗೆ ಕೂರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಹೇಸಿಗೆ.

"ಬಸ್ ಕೆಟ್ಟು ನಿಂತಿದೆ ಅನ್ನು. ನನ್ನ ಮಲಗಿಸು" ಎಂದಳು ಅಕ್ಕ.

ರಿಪೇರಿಯವನಿಗೆ ಫೋನ್ ಮಾಡಿದರೆ, "ಗ್ರಾಫಿಕ್ಸ್ ಕಾರ್ಡ್ ಹಳೇದಾಯ್ತು ಅಜ್ಜಿ, ಫಾರ್ಮ್ಯಾಟ್ ಹೊಡಿಬೇಕು. ಅಲ್ಲ, ಈ ವಯಸ್ಸಲ್ಲಿ ಗೇಮ್ ಎಂಥಕ್ಕೆ?" ಎಂದ. ಫೋನಿನಲ್ಲೂ ಅವನು ಉಗುಳುವುದು ಕೇಳಿಸಿತು. ನಾನು ಗೇಮನ್ನು ಕಿತ್ತುಹಾಕಿ ಮತ್ತೆ ಡೌನ್‌ಲೋಡ್ ಮಾಡಿದೆ, ಅಕ್ಕನ ಮಗಳು ಕೊಟ್ಟಿದ್ದ ಪೆನ್‌ಡ್ರೈವಿನಿಂದ ಮಾಡನ್ನೂ ಹಾಕಿದೆ. ಅದೇ ಉಂಗುರ. ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ಊಟಕ್ಕೂ ಏಳಲಿಲ್ಲ. ಫಿಸಿಯೋಥೆರಪಿಯ ಹುಡುಗಿ ಬಂದಾಗ ನಿದ್ದೆ ಬಂದವಳ ಹಾಗೆ ನಟಿಸಿದಳು. ಬೆಡ್‌ಪ್ಯಾನ್ ತೊಳೆಯುತ್ತಾ ನನಗೆ ಅನ್ನಿಸಿದ್ದು ಒಂದೇ: ಇನ್ನು ಇದೇ ಏನು ನಮ್ಮ ಬದುಕು?

ಭಾನುವಾರ ಮಗಳು ಬಂದಳು. ಬ್ಯಾಗ್ ಇಳಿಸಿ ಸೀದಾ ಕಂಪ್ಯೂಟರಿನ ಮುಂದೆ ಕೂತಳು. ಫೋಲ್ಡರ್ ತೆಗೆದು ನೋಡಿ ಹುಬ್ಬು ಗಂಟಿಕ್ಕಿದಳು.

"ಚಿಕ್ಕಮ್ಮಾ, ಇಲ್ಲೊಂದು ಫೈಲ್ ಇಲ್ಲ. ನನ್ನ ಮಾಡನ್ನ ಗೇಮಿನ ಒಳಗೆ ಹೊಗಿಸೋದೇ ಅದು. ನೀವು ಅಳಿಸಿದ್ರಾ?"

"ನಾನ್ಯಾಕೆ ಅಳಿಸಲಿ? ಪೆನ್‌ಡ್ರೈವಲ್ಲಿ ಇದ್ದದ್ದೆಲ್ಲ ಹಾಗೇ ಹಾಕಿದ್ದೀನಿ."

ಅವಳು ತನ್ನ ಲ್ಯಾಪ್‌ಟಾಪಿನಿಂದ ಆ ಫೈಲನ್ನು ಮತ್ತೆ ಕಾಪಿ ಮಾಡಿ ತಂದು ಹಾಕಿದಳು. ಫೋಲ್ಡರಿನಲ್ಲಿ ಅದು ಕಂಡಿತು. ನಾವಿಬ್ಬರೂ ನೋಡುತ್ತಿದ್ದ ಹಾಗೆಯೇ ಮಾಯವಾಯಿತು. ಹಲ್ಲಿ ನಾಲಿಗೆ ಚಾಚಿ ಹುಳ ಎಳೆದುಕೊಂಡ ಹಾಗೆ.

"ಹೊಸ ಆಂಟಿವೈರಸ್ ಏನಾದ್ರೂ ಹಾಕಿಸಿದ್ರಾ?"

ನಾನು ಗುಟ್ಕಾದವನ ಕಥೆ ಹೇಳಿದೆ. ಅವಳು ಸ್ಕ್ರೀನಿನ ಮೂಲೆಯಲ್ಲಿದ್ದ ಆಂಟಿವೈರಸ್ಸಿನ ಐಕಾನ್ ಒತ್ತಿದಳು. ದೊಡ್ಡ ಹಸಿರು ಟಿಕ್ ಮಾರ್ಕ್, ಕೆಳಗೆ "ನೀವು ಸುರಕ್ಷಿತ, ಏನೂ ಮಾಡಬೇಕಾಗಿಲ್ಲ" ಎಂಬರ್ಥದ ಇಂಗ್ಲಿಷ್ ಸಾಲು. ಅದರ ಹಿಂದೆ ಹೋಗಿ, ಇನ್ನೂ ಹಿಂದೆ ಹೋಗಿ, ಕ್ವಾರಂಟೈನ್ ಎಂಬ ಕೋಣೆ ತೆಗೆದಳು. ಅಲ್ಲಿ ಬಿದ್ದಿತ್ತು ಅಕ್ಕನ ಬಸ್ಸಿನ ಫೈಲ್, ಒಂದಲ್ಲ, ನಾನು ಹಾಕಿದ್ದು, ಅವಳು ಹಾಕಿದ್ದು, ಎಲ್ಲವೂ.

"ಇದು ನಾನು ಮನೇಲಿ ಮಾಡಿದ್ದು, ಯಾವ ಕಂಪನಿ ಸಹಿನೂ ಇಲ್ಲ. ಅದರ ಮೇಲೆ ಇನ್ನೊಂದು ಪ್ರೋಗ್ರಾಮಿನ ಒಳಗೆ ಹೊಕ್ಕೊಳ್ತದೆ. ವೈರಸ್ ಮಾಡೋದೂ ಅದನ್ನೇ ಅಲ್ವಾ? ಆಂಟಿವೈರಸ್ಸಿಗೆ ಅನುಮಾನ ಬಂತು, ಹಿಡಿದು ಒಳಗೆ ಹಾಕ್ತು."

"ಹಾಕಲಿ ಮಾರಾಯ್ತಿ, ಹೇಳಬಾರದಾ?"

"ಹೇಳ್ತಿತ್ತು. ಸೈಲೆಂಟ್ ಮೋಡ್ ಇಟ್ಟು ಹೋಗಿದ್ದಾನಲ್ಲ ಪುಣ್ಯಾತ್ಮ." ಆಮೇಲೆ ಸ್ವಲ್ಪ ಪೆಚ್ಚಾಗಿ, "ನಂದೂ ತಪ್ಪಿದೆ. ಆ ಫೈಲ್ ಸಿಗದಿದ್ರೆ ನಾನು ಮಾಡಿಟ್ಟ ಐಕಾನ್ ಗೇಮನ್ನ ತೆರೆಯದೆ ಸುಮ್ನೆ ಮುಚ್ಕೊಳ್ತದೆ. ಸಿಗಲಿಲ್ಲ ಅಂತ ಒಂದು ಮೆಸೇಜ್ ನಾನೂ ಬರೆದಿರಲಿಲ್ಲ" ಎಂದಳು.

ಕಾನ್ವೆಂಟಿನಲ್ಲಿ ನಮ್ಮ ಹುಣಸೆ ಉಂಡೆಗಳನ್ನು ಕಿತ್ತುಕೊಳ್ಳುತ್ತಿದ್ದ ಮದರ್ ನೆನಪಾದರು. ಎಷ್ಟು ಕಟ್ಟುನಿಟ್ಟಿದ್ದರೂ ಅವರು ಅಸೆಂಬ್ಲಿಯಲ್ಲಿ ನಿಲ್ಲಿಸಿ, ಎಲ್ಲರ ಎದುರು ಕಿತ್ತುಕೊಳ್ಳುತ್ತಿದ್ದರು. ಕದ್ದು ತೆಗೆದಿಟ್ಟು, ಎದುರಿಗೆ ಬಂದಾಗ "ಆಲ್ ಈಸ್ ವೆಲ್, ಚೈಲ್ಡ್" ಎಂದು ನಗುತ್ತಿರಲಿಲ್ಲ. ಆ ಹಸಿರು ಟಿಕ್ ಮಾರ್ಕನ್ನು ಒರೆಸಿಹಾಕಬೇಕು ಅನ್ನಿಸಿತು, ಸ್ಪಿರಿಟ್ ಹಾಕಿ.

"ಈ ಶನಿಯನ್ನ ಕಿತ್ತುಬಿಸಾಕು" ಎಂದೆ.

"ಬೇಡ ಚಿಕ್ಕಮ್ಮ. ಯಾರೋ ಅಪರಿಚಿತರ ಮಾಡ್ ಆಗಿದ್ರೆ ನಾನೂ ಹೊರಗೆ ಬಿಡ್ತಿರಲಿಲ್ಲ. ಇದು ನಂದೇ, ಏನಿದೆ ಅಂತ ಗೊತ್ತು. ಇದೊಂದನ್ನ ಮುಟ್ಟಬೇಡ ಅಂತ ಹೇಳಿಡ್ತೀನಿ, ಸಾಕು." ಆ ಫೈಲಿಗಷ್ಟೇ ವಿನಾಯಿತಿ ಕೊಟ್ಟಳು, ಸೈಲೆಂಟ್ ಮೋಡ್ ತೆಗೆದಳು, ಆಮೇಲೆ ರಿಸ್ಟೋರ್ ಒತ್ತಿದಳು. ಫೈಲ್ ಫೋಲ್ಡರಿಗೆ ಬಂತು. ಈ ಸಲ ಅಲ್ಲೇ ಉಳಿಯಿತು.

ಐಕಾನ್ ಒತ್ತಿದೆವು. ಉಂಗುರ ತಿರುಗಿತು, ಸ್ಕ್ರೀನ್ ಕಪ್ಪಾಯಿತು, ಇಂಜಿನ್ ಗುರುಗುಟ್ಟಿತು. ಪಕ್ಕದ ಕೋಣೆಯಿಂದ ಅಕ್ಕನ ದನಿ: "ಬಸ್ ಬಂತಾ?"

ಮಗಳು ಅವಳನ್ನು ಹಿಡಿದು ತಂದು ಕೂರಿಸಿ, ಹಿಡಿದು ನಡೆಯಲೆಂದು ತಂದಿಟ್ಟಿದ್ದ ವಾಕರನ್ನು ಎದುರಿಗಿಟ್ಟಳು. ಇಷ್ಟು ದಿನ ರೂಢಿ ತಪ್ಪಿದ್ದಕ್ಕೋ ಏನೋ ನಾನು ಸ್ವಲ್ಪ ಜೋರಾಗಿಯೇ ಬಿಟ್ಟೆ. ಅಕ್ಕನಿಗೆ ಈ ಸಲ ದನದ ಚಿಂತೆ ಇರಲಿಲ್ಲ, ರಸ್ತೆಯ ಮೇಲೇ ಕಣ್ಣು. ಹೊಸನಗರ ಹತ್ತಿರ ಬಂತು. ಈ ಕಡೆಯ ಪ್ರೈವೇಟ್ ಬಸ್ಸು ಹತ್ತಿದವರಿಗೆಲ್ಲ ಗೊತ್ತು, ಸ್ಟಾಪ್ ಬಂದ ಮೇಲೆ ಏಳುವಂತಿಲ್ಲ. ಹಿಂದಿನ ತಿರುವಿನಲ್ಲೇ ಎದ್ದು ಬಾಗಿಲಿಗೆ ಹೋಗಿ ನಿಂತಿರಬೇಕು, ಇಲ್ಲದಿದ್ದರೆ ಕಂಡಕ್ಟರ್ ರೈಟ್ ಅಂದುಬಿಡುತ್ತಾನೆ. ಹೈಸ್ಕೂಲಿನ ಮುಂಚಿನ ತಿರುವು ಬಂತು. ಅಕ್ಕನ ಎರಡೂ ಕೈ ವಾಕರಿಗೆ ಹೋದವು.

"ನಿಲ್ಸಿ! ಇಳಿಯೋರಿದ್ದಾರೆ!"

ನನ್ನ ಬೆರಳು ಬ್ರೇಕಿನ ಕೀ ಹುಡುಕುವಷ್ಟರಲ್ಲಿ ಸ್ಕೂಲು ಹಿಂದೆ ಹೋಯಿತು. ತಿರುಗಿ ನೋಡಿದರೆ ಅಕ್ಕ ನಿಂತಿದ್ದಾಳೆ. ಮಗಳು ಹಿಂದಿನಿಂದ ಕೈ ಚಾಚಿದ್ದಾಳೆ, ಮುಟ್ಟಿಲ್ಲ.

"ಎಂಥ ಡ್ರೈವರೇ ನೀನು! ಇಷ್ಟು ದೂರ ತಂದು ಬಿಟ್ಟೆಯಲ್ಲ, ಇನ್ನು ಅಲ್ಲಿವರೆಗೆ ನಡ್ಕೊಂಡು ಹೋಗ್ಬೇಕಾ ನಾನು?" ಮುಖ ಸಿಂಡರಿಸಿ ಕೇಳಿದಳು ಅಕ್ಕ.

"ಹೂಂ" ಎಂದೆ. "ನಡಿ."