ತಮ್ಮನ ತೆರಿಗೆ ನನ್ನ ಹೆಸರಿಗೆ

ತಮ್ಮ ಆ ಹಾಳೆ ಹಿಡಿದುಕೊಂಡು ಬಂದಾಗ ನನ್ನ ಆರೂ ಮಗ್ಗಗಳು ಓಡುತ್ತಿದ್ದವು. ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮಿಬ್ಬರದೂ ಒಂದೇ ಶೆಡ್ಡು, ನಡುವೆ ತಗಡಿನ ಪತ್ರಾದ ಗೋಡೆ. ಆ ಕಡೆ ಅವನ ಆರು ಮಗ್ಗ. ಮೂರು ವರ್ಷದ ಹಿಂದೆ ನಾವು ಬೇರೆಯಾದಾಗ ನಾನೇ ನಿಂತು ಹಾಕಿಸಿದ ಗೋಡೆ ಅದು. ಅವನು ಈ ಕಡೆ ಬರುವುದು ಅಪರೂಪ.

"ಅಣ್ಣಾ, ಇದನ್ನೊಂದು ನೋಡು," ಅಂದ.

"ನೀ ಕಲಿತಾಂವ. ನೀನ ಹೇಳು."

ನಾನು ಏಳನೇ ಇಯತ್ತೆಗೆ ಸಾಲೆ ಬಿಟ್ಟವನು. ಅದನ್ನು ಯಾರಾದರೂ ನೆನಪಿಸುವ ಮೊದಲೇ ನಾನೇ ಹೇಳಿಬಿಡುವುದು ನನ್ನ ರೂಢಿ.

"ಇನ್‌ಕಮ್ ಟ್ಯಾಕ್ಸಿನವರು ಕಳಿಸ್ಯಾರ. ನಾ ತೋರಿಸಿದ ಗಳಿಕಿ-ಉತ್ಪನ್ನ ಒಪ್ಪ್ಯಾರ. ಆದ್ರ ಅದರ ಮ್ಯಾಲ ಕಟ್ಟಾದ ಟ್ಯಾಕ್ಸ್ ನನ್ನ ಹೆಸರಿಗೆ ಒಂದು ರೂಪಾಯಿನೂ ಜಮಾ ಇಲ್ಲಂತ. ಮತ್ತೊಮ್ಮೆ ತುಂಬು ಅಂತಾರ, ಬಡ್ಡಿ ಸುದ್ಧಾ."

"ಮಜೂರಿ ಕೊಡೂ ಮುಂದ ಶೇಠಜಿ ಕಟ್ ಮಾಡ್ಯಾರಲ್ಲ?"

"ಮಾಡ್ಯಾರ. ಪೂರಾ ನಿನ್ನ ಪ್ಯಾನ್ ಮ್ಯಾಲ."

ಅಷ್ಟು ಹೇಳಿ ಅವನು ಹೋದ.

ತಪ್ಪು ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಅಪ್ಪನ ಕಾಲದಿಂದ ನಾವು ಸೊಲ್ಲಾಪುರದ ಒಬ್ಬರೇ ವ್ಯಾಪಾರಿಗೆ, ಈ ಶೇಠಜಿಗೆ, ಟಾವೆಲ್ ನೇಯ್ದು ಕೊಡುತ್ತೇವೆ. ನೂಲು ಅವರದು, ಮಜೂರಿ ನಮ್ಮದು. ಅವರಲ್ಲಿ ಒಂದು ಮನೆಗೆ ಒಂದೇ ಖಾತೆ. ಅಪ್ಪನ ನಂತರ ಅದು ನನ್ನ ಹೆಸರಿಗೆ ಬಂತು. ನಾವು ಬೇರೆಯಾದದ್ದನ್ನು ನಾನು ಶೇಠಜಿಗೆ ಹೇಳಲೇ ಇಲ್ಲ. ಅವರು ಹತ್ತು ಮಂದಿಯ ಮುಂದೆ ನಮ್ಮ ಮನೆಯನ್ನು ತೋರಿಸಿ, ಅಣ್ಣತಮ್ಮಂದಿರು ಅಂದರೆ ಹೀಗಿರಬೇಕು ಅನ್ನುತ್ತಿದ್ದರು. ಆ ಮಾತನ್ನು ಕಳೆದುಕೊಳ್ಳುವ ಮನಸ್ಸಾಗಲಿಲ್ಲ. ಇಬ್ಬರ ಮಾಲೂ ಒಂದೇ ಟೆಂಪೋದಲ್ಲಿ ಹೋಗುತ್ತಿತ್ತು. ಮಜೂರಿ ನನ್ನ ಬ್ಯಾಂಕಿಗೆ ಬಂದ ದಿನವೇ ತಮ್ಮನ ಪಾಲನ್ನು ಅವನ ಬ್ಯಾಂಕಿಗೆ ಹಾಕುತ್ತಿದ್ದೆ, ಕಟ್ಟಾದ ತೆರಿಗೆಯ ಲೆಕ್ಕದ ಚೀಟಿ ಸಮೇತ. ಒಂದು ಪೈಸೆ ಹೆಚ್ಚುಕಡಿಮೆ ಮಾಡಿದವನಲ್ಲ. ಆದ್ದರಿಂದ ಎಲ್ಲ ಸರಿಯಿದೆ ಎಂದುಕೊಂಡಿದ್ದೆ.

ತಮ್ಮನ ರಿಟರ್ನ್ ತುಂಬುವ ಮ್ಯಾಡಮ್ ಹತ್ತಿರ ಇಬ್ಬರೂ ಹೋದೆವು. ಅವರು ಕಂಪ್ಯೂಟರಿನಲ್ಲಿ ನನ್ನ 26ಎಎಸ್ ತೆಗೆದು ತೋರಿಸಿದರು. ಯಾರ ಹೆಸರಿಗೆ ಎಷ್ಟು ತೆರಿಗೆ ಜಮಾ ಆಗಿದೆ ಎಂದು ಸರ್ಕಾರ ಇಡುವ ಪಟ್ಟಿ ಅದು. ಹನ್ನೆರಡು ಮಗ್ಗದ ಮಜೂರಿಯೆಲ್ಲ ನನ್ನ ಹೆಸರಿನ ಕೆಳಗೇ ಸಾಲಾಗಿ ನಿಂತಿತ್ತು.

"ದಾದಾ, ನೀವು ನಿಮ್ಮ ಅರ್ಧಾ ಉತ್ಪನ್ನ ತೋರಿಸಿ ಅರ್ಧಾ ಟ್ಯಾಕ್ಸ್ ಕೇಳೀರಿ. ಅದು ಬರೋಬರಿ. ತಮ್ಮನೂ ತನ್ನ ಅರ್ಧಾ ತೋರಿಸ್ಯಾನ. ಆದ್ರ ಅವನ ಪಾಲಿನ ಟ್ಯಾಕ್ಸ್ ನಿಮ್ಮ ಕಡೆ ಕೂತೈತಿ. ಕಟ್ ಮಾಡಿದ ಟ್ಯಾಕ್ಸಿಗೆ ಶೇಠಜಿ ಕೊಟ್ಟ ಟಿಡಿಎಸ್ ಪಟ್ಟಿ ತಿದ್ದಿ ಇವನ ಪ್ಯಾನ್ ಹಾಕಬೇಕು. ಅದಕ್ಕ ನೀವು ಅವರಿಗೆ ಬರೆದು ಕೊಡಬೇಕು, ಈ ಆರು ಮಗ್ಗ ತಮ್ಮಂದು, ಉತ್ಪನ್ನಾನೂ ಅವಂದು ಅಂತ."

"ಶೇಠಜಿ ಯಾಕ ನಡುವ? ನಾ ಸೀದಾ ಟ್ಯಾಕ್ಸ್ ಆಫೀಸಿನ ಸಾಹೇಬರಿಗೇ ಬರೀತೀನಿ."

"ಬರೀರಿ. ಅವರೂ ಇದನ್ನ ಹೇಳ್ತಾರ."

ತಮ್ಮ ನನ್ನ ಮುಖ ನೋಡಿದ. ನೋಟಿಸನ್ನು ಮ್ಯಾಡಮ್ ಕಡೆ ಸರಿಸಿದ.

ಅರ್ಜಿ ತಮ್ಮನ ಹೆಸರಿನಲ್ಲೇ ಆಗಬೇಕು, ನೋಟಿಸು ಬಂದದ್ದು ಅವನಿಗೆ. ಮ್ಯಾಡಮ್ ಬರೆದರು: ಕಲಂ 154ರ ಪ್ರಕಾರ ತಪ್ಪು ತಿದ್ದುಪಡಿ ಮಾಡಬೇಕೆಂದು ವಿನಂತಿ, ತೋರಿಸಿದ ಉತ್ಪನ್ನಕ್ಕೂ ಜಮಾ ಕೊಟ್ಟ ತೆರಿಗೆಗೂ ತಾಳೆಯಾಗುತ್ತಿಲ್ಲ. ಅದರ ಜೊತೆ ನನ್ನದೊಂದು ಹಾಳೆ, ನಾನೇ ಹೇಳಿ ಬರೆಸಿದ್ದು. ಅದರಲ್ಲಿ ನನ್ನ ಪ್ರಾಮಾಣಿಕತೆ, ಬ್ಯಾಂಕಿನ ಪಾಸ್‌ಬುಕ್ಕು, ಅಪ್ಪನ ಕಾಲದ ನಂಬಿಕೆ ಎಲ್ಲ ಇತ್ತು. ಬೇರೆಯಾದ ಮಾತೊಂದು ಇರಲಿಲ್ಲ.

ಸೊಲ್ಲಾಪುರದ ತೆರಿಗೆ ಕಚೇರಿಯಲ್ಲಿ ಅರ್ಜಿಗೆ ಸೀಲು-ಸಿಕ್ಕಾ ಹೊಡೆದು ಪ್ರತಿ ಕೊಟ್ಟರು. ಹದಿನೈದು ದಿನ ಬಿಟ್ಟು ಸಾಹೇಬರು ಕರೆದರು. ಎಳೆ ವಯಸ್ಸಿನವರು. ನನ್ನ ಹಾಳೆಯನ್ನು ಪೂರ್ತಿ ಓದಿದರು, ಅದಕ್ಕೆ ಅವರ ಮೇಲೆ ಗೌರವ ಬಂತು.

"ಕಾಕಾ, ನೀವು ಬರೆದದ್ದೆಲ್ಲ ಖರೇನ ಇರಬಹುದು. ಆದ್ರ ನನ್ನ ಮುಂದಿನ ರೆಕಾರ್ಡಿನ್ಯಾಗ ಈ ಟ್ಯಾಕ್ಸ್ ನಿಮ್ಮದು. ರೆಕಾರ್ಡಿನ್ಯಾಗ ಕಾಣೂ ತಪ್ಪನ್ನಷ್ಟ ನಾ ತಿದ್ದಬಹುದು. ಟ್ಯಾಕ್ಸ್ ಕಟ್ ಮಾಡಿದವರು ಮೊದಲ ತಾವು ಕೊಟ್ಟ ಪಟ್ಟಿ ತಿದ್ದಲಿ."

"ನಮ್ಮದು ಒಂದ ಮನಿ ಸಾಹೇಬ."

"ಒಂದ ಮನಿ ಅಂದ್ರ ಎರಡು ರಿಟರ್ನ್ ಯಾಕ?"

ತಮ್ಮ ಕುರ್ಚಿಯಿಂದ ಎದ್ದು, "ನಡಿ ಅಣ್ಣಾ," ಅಂದ. ಹೊರಗೆ ಬಂದು ಆಟೋ ಹತ್ತುವ ಮೊದಲು ಇಷ್ಟೇ ಹೇಳಿದ: "ಮೂರು ವರ್ಷ ಆತು ನಾ ಸ್ವತಂತ್ರ ದುಡ್ಯಾಕ ಹತ್ತಿ. ಅದು ನೀ ಒಬ್ಬಾಂವ ಹೇಳಿದ್ರ ಸಾಕು. ಇಲ್ಲಾ, ನಾನ ಆ ಟ್ಯಾಕ್ಸ್ ಮತ್ತ ತುಂಬತೀನಿ, ನಿನ್ನ ಮರ್ಯಾದಿ ಉಳೀಲಿ."

ಅವನು ಕೋಪದಲ್ಲಿ ಹೇಳಿದ್ದರೆ ಜಗಳಾಡುತ್ತಿದ್ದೆ. ಸಮಾಧಾನದಲ್ಲಿ ಹೇಳಿದ.

ಎರಡು ದಿನ ಮಾಲು ಹಾಕಲು ಹೋದಾಗಲೂ ಶೇಠಜಿಯ ಮುಂದೆ ನಿಲ್ಲಲಿಲ್ಲ. ಅಂಗಡಿಯ ಮೆಟ್ಟಿಲ ತನಕ ಹೋಗಿ, ಚಹಾ ಕುಡಿದು ತಿರುಗಿ ಬಂದೆ. ಮೂರನೇ ದಿನ ಬಿಳಿಯ ಗಾದಿಯ ಮೇಲೆ ಕುಳಿತ ಶೇಠಜಿಯ ಮುಂದೆ ಘೋಷಣಾಪತ್ರ ಇಟ್ಟೆ. ತಮ್ಮನ ಹೆಸರು, ವಿಳಾಸ, ಪ್ಯಾನ್, ಯಾವ ಯಾವ ಮಜೂರಿ ಅವನದು, ಕಾರಣ. ಕಾರಣದ ಜಾಗದಲ್ಲಿ ಮ್ಯಾಡಮ್ "ಇಬ್ಬರ ಉದ್ಯೋಗವೂ ಪ್ರತ್ಯೇಕ" ಎಂದು ಬರೆದಿದ್ದರು. ನಾನು ಅದನ್ನು ಬಾಯಿಂದಲೂ ಹೇಳಿದೆ.

ಶೇಠಜಿ ಚಷ್ಮಾ ತೆಗೆದರು. "ಗೊತ್ತೈತಿ ದಾದಾ."

"ಯಾರು ಹೇಳಿದ್ರು?"

"ಟಾವೆಲ್ ಹೇಳ್ತಾವ. ಮೂರು ವರ್ಷದಿಂದ ನಿಮ್ಮ ಮಾಲು ಎರಡು ಥರ ಬರ್ತೈತಿ. ಒಂದರ ಅಂಚಿನ ಕಿನಾರಿ ಬಿಗಿ, ಒಂದರದು ಸಡ್ಲ. ಕೂಡಿಸಿ ನೋಡಿದ್ರ ನಡೀತದ ಅಂತ ಸುಮ್ಮ ಇದ್ದೆ."

ಯಾರದು ಬಿಗಿ ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಗುಮಾಸ್ತನನ್ನು ಕರೆದು, "ಇವರ ತಮ್ಮನ ಪ್ಯಾನ್ ಬರಕೋ, ಹಳೇ ಪಟ್ಟಿ ತಿದ್ದು, ಇನ್ನ ಮ್ಯಾಲ ಖಾತೆ ಎರಡು ಮಾಡು," ಅಂದರು. ಮೂರು ವರ್ಷ ನಾನು ಕಾಪಾಡಿದ್ದು ಅಷ್ಟರಲ್ಲಿ ಮುಗಿದುಹೋಯಿತು.

ಪಟ್ಟಿ ತಿದ್ದಿ, ಅದು ತಮ್ಮನ 26ಎಎಸ್‌ನಲ್ಲಿ ಕಾಣುವ ಹೊತ್ತಿಗೆ ಒಂದು ತಿಂಗಳಾಯಿತು. ಅವನು ದಿನಾ ಮೊಬೈಲಿನಲ್ಲಿ ನೋಡುತ್ತಿದ್ದ. ಕಂಡಿತೇ ಎಂದು ಕೇಳದೆ ನಾನು ಅವನ ಕಡೆಯ ಬಾಗಿಲ ಮುಂದೆ ಹಾದುಹೋಗುತ್ತಿದ್ದೆ. ಆಮೇಲೆ ಎರಡನೇ ಅರ್ಜಿ, ಒಂದೇ ಹಾಳೆಯದು. ಪಾಸ್‌ಬುಕ್ಕಿಲ್ಲ, ಅಪ್ಪನಿಲ್ಲ. ಆದೇಶ ಬಂದ ದಿನ ಅವನು ಈ ಕಡೆ ಬಂದ.

"ಜಮಾ ಕೊಟ್ರು ಅಣ್ಣಾ. ತುಂಬೂದು ಏನೂ ಉಳಿದಿಲ್ಲ."

"ಚಲೋ ಆತು. ಸಾಹೇಬರು ಶ್ಯಾಣ್ಯಾ ಇದ್ದಾರ."

"ನೀ ಹೇಳಿದ್ದಕ್ಕ ಆತು," ಅಂದು, ಇನ್ನೇನೋ ಅನ್ನುವವನಂತೆ ನಿಂತು, ಹೋದ.

ಈಗ ನಮ್ಮ ಟಾವೆಲ್ ಗಂಟುಗಳ ಮೇಲೆ ಬೇರೆ ಬೇರೆ ಚೀಟಿ. ಹೊಸ ಖಾತೆಯ ಮೊದಲ ವಾರವೇ ನನ್ನ ಗಂಟಿನಿಂದ ಇಪ್ಪತ್ತು ಟಾವೆಲ್ ವಾಪಸು ಬಂದವು, ಕಿನಾರಿ ಸಡಿಲ ಎಂದು. ತಮ್ಮನವು ಒಂದೂ ಬರಲಿಲ್ಲ. ಆ ಇಪ್ಪತ್ತನ್ನೂ ಟೆಂಪೋದಿಂದ ಇಳಿಸಿ, ಯಾರೂ ನೋಡುವ ಮೊದಲು ಒಳಗೆ ಒಯ್ದೆ. ಒಂದನ್ನು ಬೆಳಕಿಗೆ ಹಿಡಿದು ಅಂಚನ್ನು ಬೆರಳಿಂದ ಎಳೆದು ನೋಡಿದೆ. ನಿಜವಾಗಿಯೂ ಸಡಿಲವಿತ್ತು. ಅದನ್ನು ನೇಯ್ದ ನಾಲ್ಕನೇ ಮಗ್ಗವನ್ನು ನಿಲ್ಲಿಸಿ, ಅಂಗಿಯ ತೋಳು ಮಡಚಿ, ಕಿನಾರಿಯ ಬಿಗಿ ಸರಿಮಾಡಲು ಕೆಳಗೆ ಕುಳಿತೆ.